ಅವ್ವನ ಮೌನಕ್ಕೂ ಟೈಮ್‌ಕೋಡ್ ಇದೆ



ನಮ್ಮ ವಿಡಿಯೋಗಳಲ್ಲಿ ಅವ್ವಂದಿರು ಕನ್ನಡದಲ್ಲಿ ಮಾತಾಡ್ತಾರೆ, ವಕೀಲರು ಇಂಗ್ಲಿಷ್‌ನಲ್ಲಿ. ಕೆಳಗೆ ಸಬ್‌ಟೈಟಲ್ ಹಾಕ್ತೀವಿ. ಆದರೆ ಆ ಸಾಲು ಯಾವ ಕ್ಷಣಕ್ಕೆ ಬರಬೇಕು ಅನ್ನೋದನ್ನ ಯಾರೂ ಗಂಭೀರವಾಗಿ ತಗೊಳ್ತಿಲ್ಲ. ಹೊಡೆತ ಬೀಳೋದು ಅವ್ವನ ಮಾತಿಗೇ.

ಒಂದು ಉದಾಹರಣೆ ನೋಡಿ. ಪೌರಕಾರ್ಮಿಕ ಅಜ್ಜಿಯೊಬ್ಬರು ಹೇಳ್ತಾರೆ ಅಂದ್ಕೊಳ್ಳಿ: "ಮೂವತ್ತ್ ವರ್ಷ ಈ ಊರ ಚರಂಡಿ ಬಳ್ದೆ. ಒಂದ್ ಲೋಟ ನೀರು ಕೈಗೆ..." ಇಲ್ಲಿ ಎರಡು ಸೆಕೆಂಡ್ ಸುಮ್ಮನಾಗ್ತಾರೆ. ಆಮೇಲೆ, "ಯಾರೂ ಕೊಡ್ಲಿಲ್ಲ."

ಕನ್ನಡದಲ್ಲಿ 'ಇಲ್ಲ' ಬರೋದು ಕೊನೆಗೆ. ಇಂಗ್ಲಿಷ್‌ನಲ್ಲಿ ನಿರಾಕರಣೆ ಸಾಮಾನ್ಯವಾಗಿ ಮೊದಲೇ ಬಂದುಬಿಡುತ್ತೆ. ಎರಡನೇ ವಾಕ್ಯವನ್ನ ಒಂದೇ ತುಂಡಾಗಿ ಹಾಕಿದ್ರೆ, ಅಜ್ಜಿ ಬಾಯಿ ತೆರೆಯೋ ಮುಂಚೆಯೇ ಇಂಗ್ಲಿಷ್ ಓದುಗನಿಗೆ ಕಥೆ ಮುಗಿದಿರುತ್ತೆ. ಆ ಎರಡು ಸೆಕೆಂಡ್ ಅವನಿಗೆ ಬರೀ ಅಜ್ಜಿ ತಡವರಿಸಿದ ಹಾಗೆ ಕಾಣುತ್ತೆ. ಹಾಗಾಗಿ ಇಂಗ್ಲಿಷ್ ಸ್ವಲ್ಪ ಸೊಟ್ಟ ಆದ್ರೂ ಪರವಾಗಿಲ್ಲ, ಅವಳ ಉಸಿರಿನ ಜಾಗದಲ್ಲೇ ಮುರೀರಿ:

```
1
00:00:12,000 --> 00:00:15,400
Thirty years I cleaned this town's drains.

2
00:00:15,500 --> 00:00:17,800
A glass of water, into my hand...

3
00:00:19,800 --> 00:00:21,300
nobody gave.
```

ಎರಡಕ್ಕೂ ಮೂರಕ್ಕೂ ನಡುವೆ ಪರದೆ ಖಾಲಿ. ಸಣ್ಣ ಸಂದುಗಳನ್ನ ಮುಚ್ಚಿ ಅಂತ ಎಡಿಟರ್‌ಗಳು ಹೇಳೋದು ಸರಿ, ಕಾಲು ಸೆಕೆಂಡಿನ ಸಂದು ಕಣ್ಣಿಗೆ ಮಿಣುಕು. ಆದ್ರೆ ಇದು ಸಂದಲ್ಲ, ಸಾಕ್ಷ್ಯ. ಕೊನೆಯ ಸಾಲು ದನಿ ನಿಂತ ಮೇಲೂ ಅರೆ ಸೆಕೆಂಡ್ ಇರ್ಲಿ, ಓದೋಕೆ ಬೇಕು.

ಕನ್ನಡ ಕ್ಯಾಪ್ಶನ್‌ದು ಇನ್ನೊಂದು ಕಾಟ. ಸಬ್‌ಟೈಟಲ್ ತಂತ್ರಾಂಶ ಸೆಕೆಂಡಿಗೆ ಎಷ್ಟು ಅಕ್ಷರ ಅಂತ ಎಣಿಸುತ್ತೆ, ಹದಿನೈದು ಹದಿನೇಳು ದಾಟಿದ್ರೆ ಕೆಂಪು ತೋರಿಸುತ್ತೆ. ಅದು ಎಷ್ಟೋ ಸಲ ಎಣಿಸೋದು ಯೂನಿಕೋಡ್ ಸಂಕೇತಗಳನ್ನ. 'ರಾಷ್ಟ್ರ' ನಮ್ಮ ಕಣ್ಣಿಗೆ ಎರಡಕ್ಷರ, ಅದಕ್ಕೆ ಏಳು! ಕೆಂಪು ಕಂಡು ಹೆದರಿ ಅಜ್ಜಿ ಮಾತನ್ನ ಮೊಟಕು ಮಾಡ್ತಾರೆ, 'ಬಳ್ದೆ' ಹೋಗಿ 'ಸ್ವಚ್ಛಗೊಳಿಸಿದೆ' ಅಂತಾಗುತ್ತೆ (ಅದು ಇನ್ನೂ ಉದ್ದ ಅನ್ನೋದು ಬೇರೆ ತಮಾಷೆ). ಆ ಕೆಂಪನ್ನ ನಂಬಬೇಡಿ, ನೀವೇ ಒಮ್ಮೆ ಓದಿ ನೋಡಿ. ಮೊಟಕು ಮಾಡಲೇಬೇಕಾದ್ರೆ ಒಂದೇ ಉಸಿರಿಗೆ ಮಾತಾಡೋ ವಕೀಲರ ಸಾಲಿನಲ್ಲಿ ಮಾಡಿ. ಅವರಿಗೆ ಬೇರೆ ವೇದಿಕೆಗಳಿವೆ.

ಎರಡೂ ಭಾಷೆಯನ್ನ ಒಟ್ಟಿಗೆ ಸುಟ್ಟು ನಾಲ್ಕು ಸಾಲು ಮಾಡಿ ಮುಖ ಮುಚ್ಚೋದು ಬೇಡ. ಯೂಟ್ಯೂಬ್‌ಗೆ ಕನ್ನಡಕ್ಕೊಂದು, ಇಂಗ್ಲಿಷ್‌ಗೊಂದು `.srt` ಹಾಕಬಹುದು. ಟೈಮಿಂಗ್ ಬೇರೆ ಬೇರೆ ಇರ್ಲಿ.

ಹಾಕೋ ಮುಂಚೆ ಕನ್ನಡ ಬರೋರನ್ನೂ ಬಾರದವರನ್ನೂ ಪಕ್ಕಪಕ್ಕ ಕೂರಿಸಿ ತೋರಿಸಿ. ಪರದೆ ನೋಡಬೇಡಿ, ಅವರ ಮುಖ ನೋಡಿ. ಕನ್ನಡ ಬಾರದವರ ಮುಖ ಮೊದಲು ಬದಲಾದ್ರೆ, ಮೂರನೇ ಸಾಲನ್ನ ಇನ್ನೂ ಹಿಂದಕ್ಕೆ ತಳ್ಳಬೇಕು.