ಪೋಷಕರ ಸಭೆಯ ಹೊಸ ತಾರೀಖು ಯಾರ ಅನುಕೂಲಕ್ಕೆ?

2025ರ ಅಕ್ಟೋಬರ್ 7ನೇ ತಾರೀಖು, ಮಂಗಳವಾರ, ದಸರಾ ರಜೆಯ ಕೊನೆಯ ದಿನ. ಮಾರನೆಯ ಬೆಳಿಗ್ಗೆ ಶಾಲೆ ತೆರೆಯಬೇಕು. ಆ ದಿನವೇ ಸರ್ಕಾರ ಒಂದು ತೀರ್ಮಾನ ಪ್ರಕಟಿಸಿತು. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿದಿಲ್ಲ, ಉಪಾಧ್ಯಾಯರು ಇನ್ನೂ ಮನೆಮನೆ ತಿರುಗಬೇಕು, ಆದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು 18ರವರೆಗೆ ತೆರೆಯುವುದಿಲ್ಲ ಎಂದು. ಅದರ ಬೆನ್ನಿಗೇ ದೀಪಾವಳಿ ಬಂತು.

ಸಮೀಕ್ಷೆ ಬೇಕೋ ಬೇಡವೋ ಎಂಬ ವಾದಕ್ಕೆ ಈ ಲೇಖನದಲ್ಲಿ ಕೈ ಹಾಕುವುದಿಲ್ಲ. ಹಿಂದುಳಿದವರ ಲೆಕ್ಕ ಸಿಗಬೇಕೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಉಪಾಧ್ಯಾಯರನ್ನು ಪಾಠದ ಹೊರಗಿನ ಕೆಲಸಕ್ಕೆ ಹಚ್ಚಕೂಡದೆಂದು ಹೇಳಿ, ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ಈ ಸಮೀಕ್ಷೆ ಆ ಮೂರರಲ್ಲಿ ಯಾವುದೂ ಅಲ್ಲ. ಅಷ್ಟನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ, ಏಕೆಂದರೆ ನಮ್ಮ ಮಾತು ಬೇರೆಯದು, ಬಹಳ ಸಣ್ಣದು. ಶಾಲೆ ಮುಚ್ಚಿದ್ದರಿಂದ ನಡೆಯದೆ ಹೋದ ಪೋಷಕರ ಸಭೆಯನ್ನು ಮತ್ತೆ ಗೊತ್ತುಮಾಡುವಾಗ ಮಗುವಿನ ಕೈಯಲ್ಲಿ ಮನೆಗೆ ಬರುವ ನಾಲ್ಕು ಸಾಲಿನ ಚೀಟಿಯನ್ನು ಕುರಿತದ್ದು.

ಈ ಚೀಟಿಯಿಂದ ದುಡಿಯುವವನ ಮನೆಗೆ ಏನಾಗುತ್ತದೆಂಬುದನ್ನು ತಿಳಿಯಲು ಒಂದು ಸಂಸಾರವನ್ನು ಇಟ್ಟುಕೊಳ್ಳೋಣ. ಊರು ಪಾಂಡವಪುರದ ಕಡೆಯದೆನ್ನಿ, ಶ್ರೀರಂಗಪಟ್ಟಣದ ಕಡೆಯದೆನ್ನಿ. ತಂದೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಮೊದಲ ಪಾಳಿ ಬೆಳಿಗ್ಗೆ 6ರಿಂದ 2, ಎರಡನೆಯದು 2ರಿಂದ ರಾತ್ರಿ 10, ಮೂರನೆಯದು ರಾತ್ರಿಯಿಡೀ. ವಾರಕ್ಕೊಮ್ಮೆ ಪಾಳಿ ಬದಲು. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬೆಳಿಗ್ಗೆ 9ರಿಂದ ಸಂಜೆ 5:30ರವರೆಗೆ ಹೊಲಿಗೆಗೆ ಕೂರುವವಳು. ಮಗಳು ಐದನೆಯ ತರಗತಿ, ಮಗ ಎಂಟನೆಯ ತರಗತಿ.

ದಸರಾ ರಜೆಗೆ ಮುನ್ನವೇ ಶಾಲೆ ಇವರಿಗೆ ಅಕ್ಟೋಬರ್ 10, ಶುಕ್ರವಾರ, ಬೆಳಿಗ್ಗೆ 11 ಗಂಟೆಯ ಸರದಿ ಕೊಟ್ಟಿತ್ತು. ಆ ವಾರ ತಂದೆಗೆ ಎರಡನೆಯ ಪಾಳಿ. ಬೆಳಿಗ್ಗೆ ಬಿಡುವು. ಹೋಗಿ ಮಾತಾಡಿ ಬಂದು ಊಟ ಮಾಡಿ ಕೆಲಸಕ್ಕೆ ಹೋಗಬಹುದಾಗಿತ್ತು. ಶಾಲೆ ಮುಚ್ಚಿತು. ದೀಪಾವಳಿ ಕಳೆದು 23ನೇ ತಾರೀಖು ಗುರುವಾರ ಮಕ್ಕಳು ಶಾಲೆಗೆ ಹೋದರು. ಸಂಜೆ ಚೀಟಿ ಬಂತು: “ಮುಂದೂಡಲಾಗಿದ್ದ ಪೋಷಕರ ಸಭೆ ನಾಳೆ ಶುಕ್ರವಾರ ಬೆಳಿಗ್ಗೆ 11ಕ್ಕೆ ನಡೆಯುವುದು. ತಪ್ಪದೆ ಹಾಜರಾಗತಕ್ಕದ್ದು.”

ಮುಖ್ಯೋಪಾಧ್ಯಾಯರು ಇದರಲ್ಲಿ ಮಾಡಿದ ತಪ್ಪೇನು? ಅದೇ ವಾರ, ಅದೇ ಗಂಟೆ, ಮೊದಲು ಒಪ್ಪಿಗೆಯಾಗಿದ್ದ ಹೊತ್ತನ್ನೇ ಕೊಟ್ಟಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ತಪ್ಪು ಇರುವುದೇ ಅಲ್ಲಿ. ಎರಡು ವಾರ ಮುಂದಕ್ಕೆ ಹೋದದ್ದು ತಾರೀಖು ಮಾತ್ರವಲ್ಲ, ಪಾಳಿಯೂ ತಿರುಗಿದೆ. 13ರ ವಾರ ರಾತ್ರಿ ಪಾಳಿ ಮುಗಿಸಿ, 20ರ ವಾರ ಅವನು ಮೊದಲ ಪಾಳಿಗೆ ಬಂದಿದ್ದಾನೆ. 11 ಗಂಟೆಗೆ ಅವನು ಯಂತ್ರದ ಮುಂದೆ ನಿಂತಿರುತ್ತಾನೆ. ಗಡಿಯಾರದಲ್ಲಿ ಅದೇ ಹೊತ್ತು, ಕೂಲಿಯವನ ಪಾಲಿಗೆ ಬೇರೆ ಹೊತ್ತು. ಕಚೇರಿಯ ಕೆಲಸದಲ್ಲಿರುವವರಿಗೆ ಈ ಸಂಗತಿ ಹೊಳೆಯುವುದೇ ಇಲ್ಲ, ಏಕೆಂದರೆ ಅವರ ಶುಕ್ರವಾರಗಳೆಲ್ಲ ಒಂದೇ ತರಹ ಇರುತ್ತವೆ.

ರಜೆ ಹಾಕಿ ಬರಲಿ ಎನ್ನುತ್ತೀರೋ? ಆ ಅಕ್ಟೋಬರಿನಲ್ಲಿ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 79ನೇ ಕಲಮಿನಂತೆ ಸಂಬಳ ಸಹಿತ ರಜೆ ಬೇಕಾದವನು ರಜೆಗೆ 15 ದಿನ ಮೊದಲೇ ಬರಹದಲ್ಲಿ ಅರ್ಜಿ ಕೊಡಬೇಕಾಗಿತ್ತು. ಎಂದರೆ 24ರ ರಜೆಗೆ 9ನೇ ತಾರೀಖೇ ಅರ್ಜಿ ಹೋಗಬೇಕು. ಚೀಟಿ ಬಂದದ್ದು 23ರ ಸಂಜೆ. (2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಯಾವ ಕಾನೂನು ಇದ್ದರೂ ನಾಳೆಗೆ ರಜೆ ಕೇಳಿದವನಿಗೆ ಅದು ಸಿಗುವುದು ಮೇಲ್ವಿಚಾರಕನ ಮರ್ಜಿಯಿಂದಲೇ.) ಹೇಳದೆ ಕೇಳದೆ ನಿಂತರೆ ಆ ದಿನದ ಕೂಲಿ ಹೋಯಿತು. ತಾಯಿ ನಿಂತರೆ ಕೂಲಿಯ ಜೊತೆಗೆ, ಹಾಜರಾತಿಗೆಂದು ಬೋನಸ್ಸು ಕೊಡುವ ಕಡೆ, ಆ ತಿಂಗಳ ಬೋನಸ್ಸೂ ಹೋಯಿತು. ಸಂತೆಯಲ್ಲಿ ತರಕಾರಿ ಹಾಕುವವನನ್ನೋ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟವನನ್ನೋ ಕೇಳಿ ನೋಡಿ. ಅವನಿಗೆ ರಜೆಯ ಅರ್ಜಿ ಇಲ್ಲ, ನಿಜ. ಆದರೆ ಕೆ.ಆರ್. ಪೇಟೆಯ ಸಂತೆಯ ದಿನ ನಾಗಮಂಗಲದ ಸಂತೆಯ ದಿನವಲ್ಲ. ನಾಲ್ಕು ತಾಲ್ಲೂಕಿಗೂ ಒಂದೇ ದಿನ, ಒಂದೇ ಗಂಟೆ ಗೊತ್ತುಮಾಡಿದರೆ ಒಂದಲ್ಲ ಒಂದು ಊರಿನ ವ್ಯಾಪಾರಿ ವಾರದ ಸಂಪಾದನೆ ಬಿಟ್ಟು ಬರಬೇಕಾಗುತ್ತದೆ.

ಆದ್ದರಿಂದ ಇವರು ಬರುವುದಿಲ್ಲ. ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಏನು ಬೀಳುತ್ತದೆ? “ಪೋಷಕರು ಗೈರು.” ಮುಂದೆ ಮಗು ಹಿಂದೆ ಬಿದ್ದಾಗ “ಇವರ ಮನೆಯಲ್ಲಿ ಓದಿನ ಬಗ್ಗೆ ಆಸಕ್ತಿಯಿಲ್ಲ” ಎಂಬ ಮಾತಿಗೆ ಆ ಎರಡು ಪದವೇ ಸಾಕ್ಷಿಯಾಗುತ್ತದೆ. ನಮ್ಮನ್ನು ಕೆರಳಿಸುವುದು ಇದು. ಕೂಲಿ ಹೋದದ್ದನ್ನು ಇನ್ನೊಂದು ದಿನ ದುಡಿದು ತುಂಬಿಸಿಕೊಳ್ಳಬಹುದು, ಮಗುವಿನ ಹೆಸರಿಗೆ ಅಂಟಿದ ಈ ಮಾತನ್ನು ಒರೆಸುವುದು ಕಷ್ಟ.

ಸಭೆ ಉಪಾಧ್ಯಾಯರು ಕೃಪೆಯಿಂದ ಮಾಡುವ ಉಪಕಾರವಲ್ಲ. ಅದೇ 2009ರ ಕಾಯ್ದೆಯ 24ನೇ ಕಲಮು, ತಂದೆತಾಯಿಗಳ ಸಭೆಯನ್ನು ಕ್ರಮವಾಗಿ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವನ್ನು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಹೇಳುತ್ತದೆ. ತಿಳಿಸುವುದು ಎಂದಿದೆ, ಚೀಟಿ ಕಳಿಸುವುದು ಎಂದಿಲ್ಲ.

ಉಪಾಧ್ಯಾಯರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅವರೂ ಆ ಅಕ್ಟೋಬರಿನಲ್ಲಿ ಬಿಸಿಲಲ್ಲಿ ಮನೆಮನೆ ಹತ್ತಿ ಇಳಿದು ಸುಸ್ತಾದವರು. ಎಷ್ಟೋ ಮಂದಿ ಮಂಡ್ಯದಿಂದಲೋ ಮೈಸೂರಿನಿಂದಲೋ ಬಸ್ಸಿನಲ್ಲಿ ಓಡಾಡುವವರು. ಅವರ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ನೋಡೋಣ. ತರಗತಿಯಲ್ಲಿ 36 ಮಕ್ಕಳು. ಒಂದು ಮಗುವಿಗೆ 10 ನಿಮಿಷವಾದರೂ ಬೇಡವೇ? ಒಟ್ಟು 360 ನಿಮಿಷ, ಅಂದರೆ 6 ಗಂಟೆ. ಎಲ್ಲರನ್ನೂ 11ಕ್ಕೇ ಬರಹೇಳಿದರೆ ಕೊನೆಯವನ ಸರದಿ ಬರುವ ಹೊತ್ತಿಗೆ ಸಂಜೆಯಾಗುತ್ತದೆ. ಹಾಗಾಗುವುದಿಲ್ಲ, ಏಕೆಂದರೆ ಮಧ್ಯಾಹ್ನವಾಗುತ್ತಲೇ ಅಂಕಪಟ್ಟಿಗೆ ರುಜು ಹಾಕಿಸಿಕೊಂಡು ಎರಡೆರಡು ನಿಮಿಷದಲ್ಲಿ ಕಳಿಸಿಬಿಡುತ್ತಾರೆ. ಅಂಕಪಟ್ಟಿ ಮಗುವೇ ಮನೆಗೆ ತರಬಹುದಲ್ಲವೇ? ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವಲ್ಲಿ ಮಗಳು ಏಕೆ ಎಡವುತ್ತಾಳೆ ಎಂಬುದು ರುಜುವಿನಿಂದ ತಿಳಿಯುವುದಿಲ್ಲ.

ಅದೇ 6 ಗಂಟೆಯನ್ನು ಎರಡೆರಡು ಗಂಟೆಯ ಮೂರು ಕೂಟವಾಗಿ ಒಡೆದರೆ ಒಂದು ಕೂಟಕ್ಕೆ 12 ಮಂದಿ. ಉಪಾಧ್ಯಾಯರಿಗೆ ಕೆಲಸ ಹೆಚ್ಚುವುದಿಲ್ಲ, ಭಾನುವಾರ ಬಂದವರಿಗೆ ಬದಲಿ ರಜೆ ಕೊಡಬೇಕಷ್ಟೆ. ಆಗ ಅಕ್ಟೋಬರ್ 23ರ ಚೀಟಿ ಹೀಗಿರಬಹುದಾಗಿತ್ತು:

“ಅಕ್ಟೋಬರ್ 10ರ ಪೋಷಕರ ಸಭೆ ಶಾಲೆ ಮುಚ್ಚಿದ್ದರಿಂದ ನಡೆಯಲಿಲ್ಲ. ಆ ದಿನಕ್ಕೆ ಕೊಟ್ಟಿದ್ದ ಸರದಿ ರದ್ದಾಗಿದೆ. ಹೊಸ ವೇಳೆಗಳು ಮೂರು: ನವೆಂಬರ್ 7 ಶುಕ್ರವಾರ ಸಂಜೆ 5ರಿಂದ 7, ನವೆಂಬರ್ 9 ಭಾನುವಾರ ಬೆಳಿಗ್ಗೆ 10ರಿಂದ 12, ನವೆಂಬರ್ 15 ಶನಿವಾರ ಮಧ್ಯಾಹ್ನ 12ರಿಂದ 2. ನಿಮಗೆ ಆಗುವ ಎರಡು ವೇಳೆಗೆ ಗುರುತು ಹಾಕಿ, ಅಕ್ಟೋಬರ್ 27 ಸೋಮವಾರದೊಳಗೆ ಈ ಚೀಟಿ ಹಿಂದಕ್ಕೆ ಕಳಿಸಿ. ನಿಮ್ಮ ಸರದಿಯ ಗಂಟೆಯನ್ನು 30ರಂದು ಬರೆದು ತಿಳಿಸುತ್ತೇವೆ. ಈ ಶಾಲೆಯಲ್ಲಿ ಓದುವ ನಿಮ್ಮ ಬೇರೆ ಮಕ್ಕಳ ಹೆಸರು, ತರಗತಿ ಬರೆಯಿರಿ. ಒಂದರ ಹಿಂದೆ ಒಂದು ಸರದಿ ಕೊಡಲಾಗುವುದು. ತಂದೆತಾಯಿ ಬರಲಾಗದಿದ್ದರೆ ಅಜ್ಜಿ, ತಾತ, ಚಿಕ್ಕಪ್ಪ ಯಾರು ಬರುತ್ತಾರೆಂದು ತಿಳಿಸಿ. ಯಾವುದೂ ಆಗದಿದ್ದರೆ ಫೋನಿನಲ್ಲಿ ಮಾತಾಡಲು ಒಂದು ಹೊತ್ತು ಬರೆಯಿರಿ.”

23ರಿಂದ ನವೆಂಬರ್ 7ಕ್ಕೆ ಸರಿಯಾಗಿ 15 ದಿನ. ರಜೆಯ ಅರ್ಜಿ ಕೊಡಲೇಬೇಕಾದವನಿಗೂ ಹೊತ್ತಿದೆ. ನಮ್ಮ ಸಂಸಾರಕ್ಕೋ ರಜೆಯೇ ಬೇಡ. ಆ ವಾರ ತಂದೆಗೆ ಮತ್ತೆ ರಾತ್ರಿ ಪಾಳಿ, ಸಂಜೆ ಬಿಡುವು. ತಾಯಿ 5:30ಕ್ಕೆ ಬಿಟ್ಟವಳು 6:30ಕ್ಕೆ ಶಾಲೆ ಮುಟ್ಟಬಹುದು. ನವೆಂಬರ್ 8ರ ಶನಿವಾರವನ್ನು ಏಕೆ ಹಾಕಲಿಲ್ಲವೆಂದರೆ ಅಂದು ಕನಕ ಜಯಂತಿ. ಒಂದು ಸಲ ಮುಂದೂಡಿದ ಸಭೆಯನ್ನು ಇನ್ನೊಂದು ರಜೆಯ ಮೇಲೆ ಕೊಂಡೊಯ್ದು ಇಟ್ಟು ಮತ್ತೆ ಮುಂದೂಡುವುದು ನಗೆಗೀಡಿನ ಕೆಲಸ. ಪಂಚಾಂಗ ನೋಡಿಯೇ ಚೀಟಿ ಬರೆಯಬೇಕು.

ಚೀಟಿಯ ದಾರಿಯ ಬಗ್ಗೆಯೂ ಒಂದು ಮಾತು. ವಾಟ್ಸಾಪಿನಲ್ಲಿ ಹಾಕಿದೆವು ಎಂದರೆ ಮುಗಿಯಲಿಲ್ಲ. ಮನೆಗೆ ಒಂದೇ ಫೋನು, ಅದು ತಂದೆಯ ಜೇಬಿನಲ್ಲಿ ಕಾರ್ಖಾನೆಯಲ್ಲಿ ಇರುತ್ತದೆ. ಹಬ್ಬದ ಶುಭಾಶಯಗಳ ಕೆಳಗೆ ಸಭೆಯ ಸುದ್ದಿ ಹೂತುಹೋಗಿರುತ್ತದೆ. ಹಿಂದಕ್ಕೆ ಬರುವ ಕಾಗದವಾದರೆ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂಬುದು ಸೋಮವಾರವೇ ತಿಳಿಯುತ್ತದೆ. ಹಿಂದಕ್ಕೆ ಬಾರದ ಆರೇಳು ಮನೆಗೆ ಮಾತ್ರ ಫೋನು ಮಾಡಿದರೆ ಸಾಕು.

ಹದಿನೈದು ದಿನ ಕಾಯಲಾಗದ ಮಕ್ಕಳೂ ಇರುತ್ತಾರೆ ಎಂಬುದನ್ನು ಒಪ್ಪುತ್ತೇವೆ. ರಜೆ ಮುಗಿದರೂ ಶಾಲೆಗೆ ಬಾರದವನು, ಕೂಲಿಗೆ ಹೋಗಲು ಹತ್ತಿದವನು, ಓದಲು ಕೂಡಿಸಲು ಇನ್ನೂ ಬಾರದವನು. ಅವರ ಮನೆಯವರನ್ನು ಸಭೆಗೆ ಕಾಯದೆ ಆ ವಾರವೇ ಮಾತಾಡಿಸಬೇಕು. ಹಾಗೆಯೇ, ತಪ್ಪಿದ ಪಾಠಗಳನ್ನು ಹೆಚ್ಚಿನ ತರಗತಿ ನಡೆಸಿ ತುಂಬಿಸುವುದಾಗಿ ಸರ್ಕಾರ ಹೇಳಿತ್ತು. ಅದು ಯಾವ ದಿನ, ಎಷ್ಟು ಹೊತ್ತಿನವರೆಗೆ ಎಂಬುದೂ ಚೀಟಿಯ ಕೆಳಗೆ ಇರಲಿ. ಕೊನೆಯ ಬಸ್ಸಿಗೆ ಮಗಳು ಬಾರದಿದ್ದರೆ ಹಳ್ಳಿಯ ತಾಯಿ ಯಾರನ್ನು ಕೇಳಬೇಕು?

ಶಾಲೆ ದಿಢೀರನೆ ಮುಚ್ಚುವುದು ಅದೇ ಮೊದಲಲ್ಲ. 2023ರ ಸೆಪ್ಟೆಂಬರ್ 29ರಂದು ಕಾವೇರಿಗಾಗಿ ಬಂದ್ ಆದಾಗ ನಮ್ಮ ಜಿಲ್ಲೆಯ ಶಾಲೆಗಳಿಗೆ ಬೀಗ ಬಿದ್ದಿತ್ತು. ಮಳೆ ಜೋರಾದರೆ ನಾಳೆಯೂ ಬೀಳಬಹುದು. ಶಾಲಾಭಿವೃದ್ಧಿ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕೆಂದು, ಅರ್ಧದಷ್ಟು ಹೆಂಗಸರಿರಬೇಕೆಂದು ಕಾಯ್ದೆಯೇ ಹೇಳಿದೆ. ನಿಮ್ಮ ಶಾಲೆಯ ಸಮಿತಿ ಮುಂದಿನ ಸಲ ಕೂಡಿದಾಗ ಪಾಳಿಯ ಪಟ್ಟಿ, ಸಂತೆಯ ದಿನ, ಬಸ್ಸಿನ ಹೊತ್ತು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಡಿ. ಸಮಿತಿಯ ಸಭೆಯನ್ನೂ ಸಂಜೆ 6ಕ್ಕೆ ಕರೆಯುವಂತೆ ಕೇಳಿ.