ಬುಧವಾರ 11 ಗಂಟೆಗೆ ನಾಲ್ಕು ಕೆಲಸ

ವರ್ಕ್ ಫ್ರಮ್ ಹೋಮ್ ಅಂತ ಮೂಡಿಗೆರೆಗೆ ಬಂದ ಮೇಲೆ ನನ್ನ ಕ್ಯಾಲೆಂಡರ್ ಎರಡಾಯಿತು. ಆಫೀಸಿನದು ಲ್ಯಾಪ್‌ಟಾಪ್‌ನಲ್ಲಿ, ಮನೆಯದು ಅಪ್ಪನ ತಲೆಯಲ್ಲಿ. ಹೋದ ಫೆಬ್ರವರಿಯ ಒಂದು ಬುಧವಾರ ಎರಡೂ ಡಿಕ್ಕಿ ಹೊಡೆದವು. 11 ಗಂಟೆಗೆ ಕ್ಲೈಂಟ್ ಡೆಮೊ. 11:30ಕ್ಕೆ ಮ್ಯಾನೇಜರ್ ಜೊತೆ ವಾರದ ಮಾತು, ಆದರೆ ಡೆಮೊ ಮುಗಿಯೋದು 12ಕ್ಕೆ. ಅದೇ ದಿನ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್. ಸಾಲದ್ದಕ್ಕೆ ಕಳಸದ ಚಿಕ್ಕಮ್ಮನ ಮನೆಯಲ್ಲಿ ಮಧ್ಯಾಹ್ನದ ಊಟ.

ಯಾವುದು ಮುಖ್ಯ ಅಂತ ಕೇಳಿಕೊಂಡರೆ ನಾಲ್ಕೂ ಮುಖ್ಯವೇ. ಅದಕ್ಕೆ ನಾನು ಬೇರೆ ಮೂರು ಪ್ರಶ್ನೆ ಕೇಳಿಕೊಂಡೆ. ಮುಂದೂಡಿದರೆ ಏನು ಹಾಳಾಗುತ್ತೆ? ಎಷ್ಟು ಜನ ತಮ್ಮ ಸಮಯ ಬದಲಾಯಿಸಬೇಕಾಗುತ್ತೆ? ಅಲ್ಲಿ ನಾನೇ ಇರಬೇಕಾ?

ಸ್ಪ್ರಿಂಕ್ಲರ್ ಮೊದಲು. ಪಂಪ್‌ಸೆಟ್ ಪಕ್ಕದ ತೋಟದವರ ಜೊತೆ ಪಾಲಿನದು, ನಮ್ಮ ಸರದಿ ತಪ್ಪಿದರೆ ಮತ್ತೆ ಒಂದು ವಾರ. ಮೊಗ್ಗು ಬಲಿತು ನಿಂತಾಗ ಸುಮಾರು ಒಂದು ಇಂಚು ನೀರು ಬಿದ್ದರೆ 8-10 ದಿನಕ್ಕೆ ಹೂವು. ಮೊಗ್ಗು ನನ್ನ ಮೀಟಿಂಗ್‌ಗೆ ಕಾಯಲ್ಲ. ಆದರೆ 11 ಗಂಟೆಗೆ ನಾನೇ ಅಲ್ಲಿರಬೇಕಿಲ್ಲ. ಬೆಳಗ್ಗೆ 6ಕ್ಕೆ ಪೈಪ್ ಜೋಡಿಸಿ ಕೊಟ್ಟರೆ ಮುಂದಿನದನ್ನು ಅಪ್ಪ ನೋಡ್ಕೋತಾರೆ. ಡೆಮೊಗೆ ಎರಡು ದೇಶದ ಎಂಟು ಜನ, ತೋರಿಸಬೇಕಾದವನು ನಾನೇ. ಅದೂ ಕದಲಲ್ಲ. ಉಳಿದ ಎರಡು ಜಾಗ ಬಿಡಬೇಕು.

ಮ್ಯಾನೇಜರ್‌ಗೆ ಬರೀ No ಒತ್ತಲಿಲ್ಲ. ಸೋಮವಾರವೇ Propose a new time ಒತ್ತಿ, ಜೊತೆಗೆ ಹೀಗೆ ಬರೆದೆ: ‘ಬುಧವಾರ ನಮ್ಮ ಮಾತಿನ ಹೊತ್ತಿಗೆ ಡೆಮೊ ಇದೆ. ಗುರುವಾರ 10 ಅಥವಾ 4 ಗಂಟೆ ನಿಮಗೆ ಆಗುತ್ತಾ? ರಿಲೀಸ್ ಬಗ್ಗೆ ತುರ್ತಾಗಿದ್ದರೆ ಇವತ್ತೇ ಹತ್ತು ನಿಮಿಷ ಮಾತಾಡೋಣ.’ ಕಾರಣ ಒಂದೇ ಸಾಲು, ಆಯ್ಕೆ ಎರಡು. ಐದು ನಿಮಿಷದಲ್ಲಿ ಉತ್ತರ ಬಂತು.

ಚಿಕ್ಕಮ್ಮನದು ಕಷ್ಟ. ಹಿಂದಿನ ವರ್ಷ ಇಂಥದ್ದೇ ದಿನ 12 ಗಂಟೆಗೆ ‘ಬರಕ್ಕಾಗಲ್ಲ’ ಅಂತ ವಾಟ್ಸಾಪ್ ಮಾಡಿದ್ದೆ. ಅವರು ಅದನ್ನು ನೋಡಿದ್ದು ಸಂಜೆ. ಕಡುಬು ಮಾಡಿಟ್ಟು ಮೂರು ಗಂಟೆವರೆಗೆ ಕಾದಿದ್ದರಂತೆ. ಈ ಸಲ ಸೋಮವಾರವೇ ಫೋನ್ ಮಾಡಿ, ‘ಚಿಕ್ಕಮ್ಮ, ಬುಧವಾರ ಆಗ್ತಿಲ್ಲ, ಭಾನುವಾರ ಬರ್ಲಾ?’ ಅಂದೆ. ‘ಮೊದಲೇ ಹೇಳಿದ್ಯಲ್ಲ ಮಾರಾಯ, ಬಾ’ ಅಂದರು.

ಫೋನ್ ಇಟ್ಟ ಕೂಡಲೇ ಭಾನುವಾರವನ್ನು ಕ್ಯಾಲೆಂಡರ್‌ಗೆ ಹಾಕಿದೆ. ಕೊಟ್ಟಿಗೆಹಾರದ ಮೇಲೆ ಹೋಗಿಬರುವ ಹೊತ್ತನ್ನೂ ಸೇರಿಸಿದೆ, ಇಲ್ಲದಿದ್ದರೆ ಅಲ್ಲೇ ಇನ್ನೊಂದು ಡಿಕ್ಕಿ. ಅಪ್ಪನ ತಲೆಯಲ್ಲಿದ್ದ ಸರದಿಯ ದಿನಗಳನ್ನೂ ಕೇಳಿ, ಆಫೀಸ್ ಕ್ಯಾಲೆಂಡರ್‌ನಲ್ಲಿ Busy ಅಂತ ಗುರುತು ಹಾಕಿದೆ.

ಒಂದು ನಿಯಮ ಮಾತ್ರ ಮೀರಲ್ಲ: ಒಮ್ಮೆ ಮುಂದೂಡಿದ್ದನ್ನು ಎರಡನೇ ಸಲ ಮುಂದೂಡೋ ಹಾಗಿಲ್ಲ. ಆ ಶನಿವಾರ ರಾತ್ರಿ ಟೀಮಿನಿಂದ ‘ನಾಳೆ ಒಂದು ಗಂಟೆ ಸಿಗ್ತೀಯಾ?’ ಅಂತ ಮೆಸೇಜ್ ಬಂತು. ‘ಸೋಮವಾರ 9ಕ್ಕೆ ಸಿಗ್ತೀನಿ’ ಅಂತ ಬರೆದು, ಕಳಸಕ್ಕೆ ಹೊರಟೆ.