ಗಡಿಯಾರ ಹೇಳಿದ ದೂರ, ಕ್ಯಾಡಿ ಹೇಳಿದ ದೂರ

ಕುಂದಲಹಳ್ಳಿ ಕೆರೆ ಸುತ್ತ ಬೆಳಿಗ್ಗೆ ಓಡೋಣ ಅಂತ ಎರಡು ವರ್ಷದ ಹಿಂದೆ ಒಂದು ಸ್ಪೋರ್ಟ್ಸ್ ವಾಚ್ ತಗೊಂಡಿದ್ದೆ. ಓಟ ಮೂರು ತಿಂಗಳಿಗೇ ನಿಂತುಹೋಯಿತು, ವಾಚ್ ಮಾತ್ರ ಕೈಯಲ್ಲೇ ಉಳಿಯಿತು. ಆಮೇಲೆ ಆಫೀಸಿನ ಹಿರಿಯರೊಬ್ಬರು "ಭಾನುವಾರ ಗಾಲ್ಫ್‌ಗೆ ಬಾರಪ್ಪಾ" ಅಂತ ಕರೆದರು. ಹೋದ ಮೇಲೆ ಗೊತ್ತಾಯಿತು, ಅದೇ ವಾಚ್‌ನೊಳಗೆ ಗಾಲ್ಫ್ ಅನ್ನೋ ಒಂದು ವಿಭಾಗವೂ ಇದೆ ಅಂತ. ಅಮ್ಮನಿಗೆ ಹೇಳಿದರೆ, "ಹುಲ್ಲಿನ ಮೇಲೆ ನಡೆಯೋಕೂ ಗಡಿಯಾರ ಬೇಕೇನೋ?" ಅಂದರು.

ಬೇಕು ಅನ್ನೋದಕ್ಕೆ ಕಾರಣ ಇದೆ. ಗಾಲ್ಫ್‌ನಲ್ಲಿ ಚೆಂಡು ನಿಂತ ಜಾಗದಿಂದ ಗ್ರೀನ್‌ಗೆ, ಅಂದರೆ ಗುಳಿ ಮತ್ತು ಬಾವುಟ ಇರುವ ನುಣುಪಾದ ಹುಲ್ಲಿನ ತುಂಡಿಗೆ, ಎಷ್ಟು ದೂರ ಅನ್ನೋದರ ಮೇಲೆ ಯಾವ ಕೋಲು ಹಿಡಿಯಬೇಕು ಅನ್ನೋದು ನಿಂತಿದೆ. ಕೋರ್ಸಿಗೆ ಹೋಗಿ ವಾಚ್‌ನಲ್ಲಿ ಗಾಲ್ಫ್ ಒತ್ತಿದರೆ ಅದು ಉಪಗ್ರಹ ಹಿಡಿದು, ಹತ್ತಿರದ ಕೋರ್ಸಿನ ಹೆಸರು ತೋರಿಸಿ, ಆ ಹೋಲ್‌ನ ನಕ್ಷೆ ತೆರೆಯುತ್ತದೆ. ಪಕ್ಕದಲ್ಲಿ ಮೂರು ಅಂಕಿ: F, M, B. ಗ್ರೀನ್‌ನ ಮುಂದಿನ ಅಂಚು, ನಡು, ಹಿಂದಿನ ಅಂಚು. ನಾವು ನಡೆದಂತೆ ಅಂಕಿಗಳೂ ಇಳಿಯುತ್ತಾ ಹೋಗುತ್ತವೆ. ಇಂಜಿನಿಯರ್ ಮನಸ್ಸಿಗೆ ಇದಕ್ಕಿಂತ ಹಿತವಾದದ್ದು ಇನ್ನೇನು ಬೇಕು!

ನನ್ನ ನಾಲ್ಕನೇ ಆಟದಲ್ಲಿ ಒಂದು ಹೋಲ್. ಗ್ರೀನ್ ಸ್ವಲ್ಪ ಎತ್ತರದಲ್ಲಿದೆ, ಅದರ ಮುಂದೆಯೇ ಒಂದು ಹೊಂಡ, ನೀರು ತುಂಬಿದೆ. ವಾಚ್ ನೋಡಿದೆ: M 135. ನನ್ನ ಏಳನೇ ನಂಬರ್ ಐರನ್ ನೂರನಲವತ್ತು ಹೋಗುತ್ತೆ ಅಂತ ಕೋಚಿಂಗ್‌ನಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಸರಿಹೋಯಿತು ಅಂತ ಏಳನ್ನು ಎಳೆದೆ. ಕ್ಯಾಡಿ ಅಣ್ಣ ತಡೆದರು. ನಮ್ಮ ತಂದೆ ವಯಸ್ಸಿನವರು, ಆ ಕೋರ್ಸಿನಲ್ಲೇ ಬ್ಯಾಗ್ ಹೊತ್ತು ಕೂದಲು ಬೆಳ್ಳಗಾದವರು.

"ನೂರೈವತ್ತು ಇದೆ ಸಾರ್. ಐದು ತಗೊಳ್ಳಿ."

"ಇಲ್ಲ ಅಣ್ಣಾ, ನೂರ ಮೂವತ್ತೈದೇ. ನೋಡಿ," ಅಂತ ಮಣಿಕಟ್ಟು ಚಾಚಿದೆ. ಅವರು ನೋಡಿ ಸುಮ್ಮನಾದರು. ಹೊಡೆದೆ. ಚೆಂಡು ಚೆನ್ನಾಗಿಯೇ ಹಾರಿತು, ಚೆನ್ನಾಗಿಯೇ ನೀರಿಗೆ ಬಿತ್ತು. ಒಂದು ದಂಡದ ಹೊಡೆತ, ಹಿಂದಕ್ಕೆ ಬಂದು ಹೊಸ ಚೆಂಡು ಇಟ್ಟು ಮತ್ತೆ ಆಟ.

ಅಣ್ಣ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ರಾತ್ರಿ ಮನೆಯಲ್ಲಿ ಫೋನ್‌ನಲ್ಲಿ ಆಟವನ್ನೆಲ್ಲ ತೆರೆದು ನೋಡಿದಾಗ ಮೊದಲ ತಪ್ಪು ಸಿಕ್ಕಿತು, ಅದೂ ನಾಚಿಕೆಗೇಡಿನದ್ದು. ಓಡುವಾಗ ಕಿಲೋಮೀಟರ್ ಬೇಕು ಅಂತ ವಾಚ್‌ನ ಅಳತೆಯನ್ನೆಲ್ಲ ಮೀಟರ್‌ಗೆ ಇಟ್ಟಿದ್ದೆ. ಕೋಚ್ ಕಲಿಸಿದ್ದು ಗಜದಲ್ಲಿ, ಕ್ಯಾಡಿ ಅಣ್ಣ ಮಾತಾಡುವುದೂ ಗಜದಲ್ಲಿ. 135 ಮೀಟರ್ ಅಂದರೆ ಸುಮಾರು 148 ಗಜ. ಅವರು ಬರಿಗಣ್ಣಲ್ಲಿ ಹೇಳಿದ ನೂರೈವತ್ತಕ್ಕೆ ಎರಡೇ ಗಜ ಕಮ್ಮಿ. ಸೆಟ್ಟಿಂಗ್ಸ್‌ಗೆ ಹೋಗಿ ಗಾಲ್ಫ್‌ನ ದೂರವನ್ನು ಗಜಕ್ಕೆ ಬದಲಿಸಿದೆ. ಅರ್ಧ ನಿಮಿಷದ ಕೆಲಸ.

ಎರಡನೆಯ ತಪ್ಪು ಇನ್ನೂ ಆಳದ್ದು. ವಾಚ್ ಹೊಡೆತಗಳನ್ನೂ ಬರೆದಿಡುತ್ತದೆ. ಅದಕ್ಕೆ ಚೆಂಡು ಕಾಣುವುದಿಲ್ಲ, ಕಾಣುವುದು ಕೈಯ ಬೀಸು ಮತ್ತು ಹೊಡೆತದ ಅದುರು. ಬಲಗೈ ಆಟಗಾರರು ಎಡ ಮಣಿಕಟ್ಟಿಗೇ ಕಟ್ಟಬೇಕು ಅನ್ನುವುದು ಇದಕ್ಕೇ. ಒಂದು ಹೊಡೆತ ಆದ ಜಾಗದಿಂದ ಮುಂದಿನ ಹೊಡೆತ ಆದ ಜಾಗದವರೆಗಿನ ಅಂತರವನ್ನೇ ಅದು ಆ ಹೊಡೆತದ ದೂರ ಅಂತ ಬರೆದುಕೊಳ್ಳುತ್ತದೆ. ಆದ್ದರಿಂದ ನೀರಿಗೆ ಬಿದ್ದ ನನ್ನ ಏಳು 103 ಮೀಟರ್ ಅಂತ ದಾಖಲಾಗಿತ್ತು. ಯಾಕೆಂದರೆ ಹೊಂಡದ ಹಿಂದೆ ಹೊಸ ಚೆಂಡು ಇಟ್ಟು ಹೊಡೆದದ್ದು ಅಲ್ಲಿಂದ! ಇಂಥದ್ದನ್ನು ಹಾಗೇ ಬಿಟ್ಟರೆ ಸರಾಸರಿ ಕೆಡುತ್ತದೆ. ಫೋನ್‌ನ ನಕ್ಷೆಯಲ್ಲಿ ಗುರುತನ್ನು ಬೆರಳಲ್ಲಿ ಎಳೆದು, ಚೆಂಡು ಬಿದ್ದ ಜಾಗಕ್ಕೆ ತಂದು ಇಟ್ಟೆ. 116 ಮೀಟರ್ ಆಯಿತು, ಸುಮಾರು 127 ಗಜ. ಅಭ್ಯಾಸಕ್ಕೆ ಬೀಸುವಾಗ ನೆಲಕ್ಕೆ ತಾಗಿದ್ದ ಎರಡು ಸುಳ್ಳು ಹೊಡೆತಗಳನ್ನು ಅಳಿಸಿದೆ. ಗ್ರೀನ್ ಅಂಚಿನ ಪುಟ್ಟ ಹೊಡೆತಗಳು ಹಲವು ದಾಖಲಾಗಿಯೇ ಇರಲಿಲ್ಲ. ಮೆಲ್ಲಗೆ ಹೊಡೆದರೆ ಅದಕ್ಕೆ ತಿಳಿಯುವುದಿಲ್ಲ.

ಹೀಗೆ ಕಸ ಗುಡಿಸಿದ ಮೇಲೆ ಏಳನೇ ಐರನ್‌ನ ಹದಿನಾಲ್ಕು ಹೊಡೆತ ಉಳಿದವು. ಅದರಲ್ಲಿ ಒಂದೇ ಒಂದು 141 ಗಜ. ಉಳಿದವು ಹೆಚ್ಚುಕಡಿಮೆ 120ರಿಂದ 132ರ ಒಳಗೆ. ಸರಾಸರಿ 126. ನಾನು ನೂರನಲವತ್ತು ಅಂತ ನಂಬಿದ್ದು ನನ್ನ ಜೀವನದ ಅತ್ಯುತ್ತಮ ಹೊಡೆತವನ್ನು! ಐದನೇ ಐರನ್‌ನ ಸರಾಸರಿ 146. ಆರು ಹೋಲ್ ನನ್ನ ಜೊತೆ ನಡೆದಿದ್ದ ಅಣ್ಣ ಇದನ್ನು ಫೋನ್ ಇಲ್ಲದೆ ನೋಡಿಕೊಂಡಿದ್ದರು. "ಐದು ತಗೊಳ್ಳಿ" ಅಂದದ್ದು ಗ್ರೀನ್ ನೋಡಿ ಅಷ್ಟೇ ಅಲ್ಲ, ನನ್ನನ್ನೂ ನೋಡಿ.

ಮುಂದಿನ ತಿಂಗಳು ಆಫೀಸಿನವರ ಸ್ಪರ್ಧೆ, ಅದೇ ಕೋರ್ಸ್. ಪುಣ್ಯಕ್ಕೆ ಅದೇ ಅಣ್ಣ ಸಿಕ್ಕರು. ಮೊದಲೇ ಹೇಳಿದೆ, "ಹೋದ ಸಲ ತಪ್ಪು ನಂದೇ ಅಣ್ಣಾ, ಅದು ಮೀಟರ್‌ನಲ್ಲಿತ್ತು." ಅವರು ನಕ್ಕರು. ಆಮೇಲೆ ಕೇಳಿದರು, "ಇದೆಲ್ಲಾ ಬಂದ್ಮೇಲೆ ನಮ್ಮನ್ನ ಯಾರು ಕರೀತಾರೆ ಸಾರ್?" ತಮಾಷೆಯ ದನಿ, ಆದರೆ ಪ್ರಶ್ನೆ ತಮಾಷೆಯದ್ದಲ್ಲ. ಉತ್ತರ ಹೊಳೆಯಲಿಲ್ಲ.

ಸ್ಪರ್ಧೆಯಲ್ಲಿ ಇನ್ನೊಂದು ವಿಷಯ ಇದೆ, ವಾಚ್ ಕಟ್ಟುವವರು ತಿಳಿದಿರಬೇಕು. 2019ರ ಗಾಲ್ಫ್ ನಿಯಮಗಳ ಪ್ರಕಾರ ದೂರ ಅಳೆಯುವ ಸಾಧನ ಬಳಸಬಹುದು, ಸ್ಥಳೀಯ ನಿಯಮ ಬೇಡ ಅನ್ನದಿದ್ದರೆ. ಆದರೆ ಏರಿಳಿತ ಅಳೆದು "ಇದು ಇಷ್ಟು ಗಜದಂತೆ ಆಡುತ್ತದೆ" ಅಂತ ತೋರಿಸುವ ಸೌಲಭ್ಯವನ್ನು ಬಳಸುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಎರಡು ಹೊಡೆತ ದಂಡ, ಎರಡನೇ ಸಲಕ್ಕೆ ಆಟದಿಂದಲೇ ಹೊರಗೆ. ಅದನ್ನು ಆಫ್ ಮಾಡಿಯೇ ಹೊರಟೆ. ತಮಾಷೆ ಅಂದರೆ, ಅದೇ ಏರನ್ನು ಕ್ಯಾಡಿ ಕಣ್ಣಲ್ಲಿ ಅಂದಾಜು ಮಾಡಿ ಹೇಳಿದರೆ ಯಾವ ತಪ್ಪೂ ಇಲ್ಲ.

ಹೊಂಡದ ಹೋಲ್ ಬಂತು. ಚೆಂಡು ಹೆಚ್ಚುಕಡಿಮೆ ಹಳೆಯ ಜಾಗದಲ್ಲೇ. F 134, M 149, B 162. ಈ ಸಲ ಗಜ.

"ಬಾವುಟ ಎಲ್ಲಿದೆ ಅಂತ ಹೇಳುತ್ತಾ ಅದು?" ಅಣ್ಣ ಕೇಳಿದರು.

ಹೇಳುವುದಿಲ್ಲ. ಗುಳಿಯ ಜಾಗವನ್ನು ಆಗಾಗ ಬದಲಿಸುತ್ತಾರೆ, ವಾಚ್‌ನ ನಕ್ಷೆಗೆ ಅದು ತಿಳಿಯದು. ಬೆರಳಲ್ಲಿ ಗುರುತು ಸರಿಸಬಹುದು, ಆದರೆ ಎಲ್ಲಿಗೆ ಅನ್ನುವುದು ನಮಗೆ ಗೊತ್ತಿರಬೇಕು. "ಇವತ್ತು ಹಿಂದೆ, ಎಡಕ್ಕೆ," ಅಂದರು ಅಣ್ಣ. "ಅದನ್ನ ಮರೀರಿ. ಏರು ಬೇರೆ ಒಂದೈದು ಗಜ ತಿನ್ನುತ್ತೆ. ನೀರು ದಾಟಿದ್ರೆ ಸಾಕು." ನಾನು ಮನಸ್ಸಲ್ಲೇ ಕೂಡಿ ಕಳೆದೆ. ಐದರ ಸರಾಸರಿ 146, ಏರಿಗೆ ಐದು ಹೋದರೆ 141, ಮುಂದಿನ ಅಂಚು 134. ಏಳು ಗಜ ಕೈಯಲ್ಲಿ ಉಳಿಯುತ್ತದೆ. ಅವರೂ ಬ್ಯಾಗಿನಿಂದ ಐದನ್ನೇ ತೆಗೆದು ಹಿಡಿದಿದ್ದರು.

ಚೆಂಡು ಗ್ರೀನ್ ಮೇಲೆ ಬಿದ್ದು, ಮುಂದಿನ ಭಾಗದಲ್ಲಿ ನಿಂತಿತು. ಬಾವುಟ ಇನ್ನೂ ಹದಿನೈದು ಗಜ ಆಚೆ.

ಬೆಂಗಳೂರಿನವರೇ ಆದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ನಿಮಗೆ ನೆನಪಿರಬಹುದು. ಅಲ್ಲಿ ಅವರ ಕ್ಯಾಡಿ ಅವರ ಅಮ್ಮನೇ. ದೂರ ಹೊಡೆಯುವುದರಲ್ಲಿ ಹಲವರಿಗಿಂತ ಹಿಂದೆ ಇದ್ದ ಆ ಹುಡುಗಿಯನ್ನು ಪದಕದ ಹತ್ತಿರ ತಂದು ನಿಲ್ಲಿಸಿದ್ದು ಗ್ರೀನ್ ಮೇಲಿನ ಪಟ್ಟಿಂಗ್. ನನ್ನ ವಾಚ್‌ಗೆ ಕಾಣದ ಭಾಗವೂ ಸರಿಯಾಗಿ ಅದೇ. ಪಟ್ ಬಹಳ ಮೆಲ್ಲನೆಯ ಹೊಡೆತ, ಅದುರು ಸಾಲದು. ಹೋಲ್ ಮುಗಿದ ಮೇಲೆ ವಾಚ್ ನಮ್ಮನ್ನೇ ಕೇಳುತ್ತದೆ, ಎಷ್ಟು ಪಟ್ ಅಂತ.

ಮೊದಲನೆಯದು ಗುಳಿಗೆ ಆರು ಅಡಿ ಮುಂಚೆ ನಿಂತಿತು. ಎರಡನೆಯದು ಅಂಚು ಸವರಿ ಆಚೆ ಹೋಯಿತು. ಅಣ್ಣ ಬಾವುಟ ಹಿಡಿದುಕೊಂಡು ಬೇರೆಲ್ಲೋ ನೋಡುತ್ತಿದ್ದರು. ನಾನು ಪರದೆಯ ಮೇಲೆ 3 ಒತ್ತಿದೆ.